ಒಟಿಎಸ್ ಪತ್ರದಲ್ಲಿ 80,000 ರೂಪಾಯಿ ಎಲ್ಲಿ ಹೋಯ್ತು?

ನನ್ನ ಪರ್ಸನಲ್ ಲೋನಿಗೆ ಬ್ಯಾಂಕಿನವರು ಒಟಿಎಸ್, ಅಂದರೆ ಬಾಕಿಯ ಒಂದು ಭಾಗ ಕಟ್ಟಿ ಸಾಲ ಮುಗಿಸುವ ಒನ್ ಟೈಮ್ ಸೆಟಲ್‌ಮೆಂಟ್ ಪತ್ರ ಕಳಿಸಿದ್ದರು. ಒಟ್ಟು ಬಾಕಿ 3,70,000. ಅದರಲ್ಲಿ ಅಸಲು 2,60,000, ಬಡ್ಡಿ ಮತ್ತು ದಂಡ 1,10,000. ನಾನು ಕಟ್ಟಬೇಕಾದ್ದು 1,80,000, ಮೂರು ಕಂತಿನಲ್ಲಿ.

ಮೊತ್ತ ಸರಿಯಾಗಿಯೇ ಇತ್ತು. ತೊಡಕಿದ್ದದ್ದು ಮನ್ನಾದ ಸಾಲಿನಲ್ಲಿ: 'ಬಡ್ಡಿ ಮತ್ತು ದಂಡ ಮನ್ನಾ' ಅಂತಷ್ಟೇ ಬರೆದಿತ್ತು. ಲೆಕ್ಕ ಹಾಕಿ ನೋಡಿ. ಅಸಲಿನಲ್ಲಿ 1,80,000 ಕಳೆದರೆ ಇನ್ನೂ 80,000 ಉಳಿಯುತ್ತದೆ. ಅದರ ಮಾತೇ ಇಲ್ಲ! ಮುಂದೆ ಯಾರಾದರೂ ಅದನ್ನು ಕೇಳಿದರೆ ತೋರಿಸಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ವಸೂಲಿಯವರು ಫೋನಿನಲ್ಲಿ 'ಎಲ್ಲಾ ಮುಗಿಯುತ್ತೆ ಸರ್' ಅಂದರು. ಬಾಯಿಮಾತು ಯಾಕೆ, ಪತ್ರದಲ್ಲೇ ಬರಲಿ ಅಂತ ಬ್ಯಾಂಕಿಗೆ ಇಮೇಲ್ ಮಾಡಿದೆ. '1,80,000 ಬಂದ ಮೇಲೆ ಅಸಲು ಸೇರಿ ಉಳಿದ 1,90,000 ಪೂರ್ತಿ ಮನ್ನಾ, ಖಾತೆ ಮುಚ್ಚಿ ನೋ ಡ್ಯೂಸ್ ಪತ್ರ ಕೊಡಲಾಗುವುದು' ಎಂದು ತಿದ್ದಿ ಕೊಡಲು ಕೇಳಿದೆ. ಲೋನ್ ನಂಬರ್, ಅಧಿಕಾರಿಯ ಸಹಿ ಇರುವ ಹೊಸ ಪತ್ರ ಬಂತು. ಆಮೇಲೆಯೇ ಮೊದಲ ಕಂತು ಕಟ್ಟಿದೆ.

ತಾರೀಖಿನದ್ದೂ ಒಂದು ಷರತ್ತಿತ್ತು. ಒಂದು ಕಂತು ತಡವಾದರೂ ಆಫರ್ ರದ್ದು, ಕಟ್ಟಿದ್ದು ಹಳೇ ಬಾಕಿಗೆ ಜಮಾ. ಅವರು ನೋಡುವುದು ಹಣ ಲೋನ್ ಖಾತೆಗೆ ಸೇರಿದ ದಿನವನ್ನು. ಕೊನೇ ಕಂತಿನ ದಿನ ಭಾನುವಾರ ಬಂದಿತ್ತು, ಹಾಗಾಗಿ ಶುಕ್ರವಾರವೇ ಕಟ್ಟಿ ರಸೀದಿ ಇಟ್ಟುಕೊಂಡೆ.

ನೋ ಡ್ಯೂಸ್ ಪತ್ರ ಕೈಗೆ ಬಂದಿದೆ. ಕ್ರೆಡಿಟ್ ರಿಪೋರ್ಟಿನಲ್ಲಿ ಮಾತ್ರ 'ಕ್ಲೋಸ್ಡ್' ಅಲ್ಲ, 'ಸೆಟಲ್ಡ್' ಅಂತಲೇ ಇದೆ. ಪೂರ್ತಿ ಕಟ್ಟಿಲ್ಲವಲ್ಲ, ಹೊಸ ಸಾಲ ಕೇಳಿದಾಗ ಅದು ಅಡ್ಡ ಬರಬಹುದು.