ಅಂಗಡಿ ಹಾಡು ಬೇರೆ, ಮನೆ ಹಾಡು ಬೇರೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಹೊಲಿಗೆ ಅಂಗಡಿ. ದಿನವಿಡೀ ಸ್ಪೀಕರಿಗೆ ಫೋನ್ ಜೋಡಿಸಿ ಹಾಡು ಹಚ್ಚಿರುತ್ತೇನೆ. ‘ಅಣ್ಣಾರ, ಹೊಸಾ ಪಿಚ್ಚರ್ ಹಾಡ ಹಚ್ರಿ’ ಅಂತ ಗಿರಾಕಿ ಕೇಳಿದರೆ ಅದನ್ನೇ ಹಚ್ಚುತ್ತೇನೆ. ನನ್ನ ಜೀವ ಮಾತ್ರ ಏಕತಾರಿ ತತ್ವಪದದಲ್ಲಿದೆ. ಅದನ್ನು ಕೇಳುವುದು ರಾತ್ರಿ ಮನೆಯಲ್ಲಿ. ಎರಡೂ ಒಂದೇ ಸ್ಪಾಟಿಫೈ ಖಾತೆ. ಹೆಚ್ಚು ಹೊತ್ತು ಹಾಡುವುದು ಅಂಗಡಿಯಲ್ಲಿ. ಹೀಗಾಗಿ ನಾವು ಕೇಳಿದ್ದನ್ನು ನೋಡಿ ಸ್ಪಾಟಿಫೈ ತಾನೇ ಆರಿಸಿ ಸೋಮವಾರ ಕೊಡುವ Discover Weekly ಪಟ್ಟಿಯ ತುಂಬ ಕುಣಿಯುವ ಹಾಡು.

ನಾನು ಮೊದಲು ಮಾಡಿದ್ದು ಈ ಎರಡನ್ನೂ ಬೇರ್ಪಡಿಸುವ ಕೆಲಸ. ಅಂಗಡಿ ಹಾಡನ್ನೆಲ್ಲ ಒಂದು ಪ್ಲೇಲಿಸ್ಟಿಗೆ ಹಾಕಿ, ಅದರ ಮೂರು ಚುಕ್ಕಿ ಒತ್ತಿ Exclude from your taste profile ಆರಿಸಿದೆ. ಆ ಪಟ್ಟಿಯಿಂದ ಕೇಳಿದ್ದಕ್ಕೆ ಶಿಫಾರಸಿನಲ್ಲಿ ತೂಕ ಕಡಿಮೆಯಾಗುತ್ತದೆ. ಗಿರಾಕಿ ಪಟ್ಟಿಯಲ್ಲಿಲ್ಲದ್ದನ್ನು ಕೇಳಿದರೆ, ಆ ಹೊತ್ತಿನಲ್ಲಿ ಕೇಳಿದ್ದು ಶಿಫಾರಸಿಗೆ ಅಷ್ಟಾಗಿ ತಟ್ಟದಿರಲೆಂದು Private session ಹಾಕುತ್ತೇನೆ. ಅದು ಬಹಳ ಹೊತ್ತು ಉಳಿಯುವುದಿಲ್ಲ, ತಾನಾಗಿಯೇ ಮುಗಿಯುತ್ತದೆ. ಅದಕ್ಕೇ ನಾನು ಪ್ಲೇಲಿಸ್ಟನ್ನೇ ಹೆಚ್ಚು ನಂಬುತ್ತೇನೆ.

ಇನ್ನು ನನಗೆ ಬೇಕಾದದ್ದನ್ನು ತಿಳಿಸುವುದು. ಹಾಡು 30 ಸೆಕೆಂಡ್ ದಾಟಿದರೆ ಒಂದು ಸಲ ಕೇಳಿದ ಲೆಕ್ಕ. ಶುರುವಿನಲ್ಲೇ ಮುಂದಕ್ಕೆ ದಾಟಿಸಿದರೆ ಅದು ಬೇಡವೆಂಬ ಸೂಚನೆ. ತತ್ವಪದಕ್ಕೆ ಇಲ್ಲೊಂದು ತೊಡಕಿದೆ: ಎಷ್ಟೋ ಧ್ವನಿಮುದ್ರಣಗಳಲ್ಲಿ ಪದ ಶುರುವಾಗುವ ಮೊದಲು ಉದ್ದದ ಆಲಾಪ ಇರುತ್ತದೆ. ಪದ ಎಲ್ಲಿ ಬರುತ್ತದೆಂದು ನೋಡಲು ಹಾಡಿನಿಂದ ಹಾಡಿಗೆ ಜಿಗಿಯುತ್ತ ಹೋದರೆ ಬೇಕಾದದ್ದೇ ಬೇಡವಾದ ಹಾಗೆ ಕಾಣುತ್ತದೆ. ಹಾಡು ಬದಲಿಸದೆ, ಅದರ ಕೆಳಗಿನ ಗೆರೆಯ ಮೇಲಿರುವ ಚುಕ್ಕಿಯನ್ನು ಎಳೆದು ಅದರೊಳಗೇ ಮುಂದೆ ಹೋಗುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ತತ್ವಪದಕ್ಕೆಂದೇ ಮಾಡಿದ ಪ್ಲೇಲಿಸ್ಟು. ಯಾವ ಹಾಡಿನ ಪಕ್ಕ ಯಾವ ಹಾಡನ್ನು ಜನ ಇಟ್ಟುಕೊಳ್ಳುತ್ತಾರೆ ಎಂಬುದರಿಂದಲೂ ಈ ವ್ಯವಸ್ಥೆ ಹಾಡುಗಳ ನಂಟು ಕಲಿಯುತ್ತದೆ. ಪಟ್ಟಿಯ ಕೆಳಗೆ ಬರುವ ಶಿಫಾರಸು ಹಾಡುಗಳೇ ನನಗೆ ಪರೀಕ್ಷೆ. ಮೊದಲು ಅಲ್ಲಿ ಸಿನಿಮಾ ಭಕ್ತಿಗೀತೆಗಳೇ ಬಂದವು. ನನ್ನ ಪಟ್ಟಿಯಲ್ಲಿ ಕೀಬೋರ್ಡ್, ಕೋರಸ್ ಸೇರಿಸಿ ಹಾಡಿದ ವಚನಗಳೂ ಇದ್ದವು. ವಚನ ಕೇಳುವ ಬಹಳ ಜನ ಭಕ್ತಿಗೀತೆಯನ್ನೂ ಇಟ್ಟುಕೊಂಡಿರುತ್ತಾರೆ, ನಂಟು ಆ ಕಡೆ ಎಳೆಯುತ್ತದೆ. ಅವನ್ನು ಬೇರೆ ಪಟ್ಟಿಗೆ ಸಾಗಿಸಿ, ಏಕತಾರಿ, ದಮ್ಮಡಿ, ತಾಳದ ಜೊತೆ ಹಾಡಿದವನ್ನಷ್ಟೇ ಉಳಿಸಿದೆ. ಆಮೇಲೆ ಕೆಳಗೆ ಜಾನಪದ ಗಾಯಕರು, ಭಜನಾ ಮಂಡಳಿಗಳು ಬರತೊಡಗಿದವು. ಅವರಲ್ಲಿ ಇಷ್ಟವಾದವರನ್ನು ಪೂರ್ತಿ ಕೇಳಿ, ಅದೇ ಪಟ್ಟಿಗೆ ಸೇರಿಸುತ್ತ ಹೋದೆ.

ಇದಕ್ಕೂ ಒಂದು ಎಲ್ಲೆಯಿದೆ. ಕೆಲವೇ ಜನ ಕೇಳಿದ ಹಾಡಿಗೆ ಪಕ್ಕದ ಹಾಡಿನ ನಂಟು ಕಡಿಮೆ. ಒಬ್ಬನೇ ಗಾಯಕನ ಹೆಸರನ್ನು ಬೇರೆ ಬೇರೆ ಕಾಗುಣಿತದಲ್ಲಿ ಏರಿಸಿದ್ದರೆ ಕೇಳುಗರೂ ಒಡೆದು ಹಂಚಿಹೋಗುತ್ತಾರೆ. ಅಂಥವರನ್ನು ನಾನು ಕೈಯಾರೆ ಹುಡುಕುತ್ತೇನೆ: ಹೆಸರನ್ನು ಎರಡು ಮೂರು ಬಗೆಯಲ್ಲಿ ಬರೆದು ನೋಡಿ, ಸಿಕ್ಕ ಪ್ರತಿ ಪುಟದಿಂದಲೂ ಒಂದೊಂದು ಪದವನ್ನು ನನ್ನ ಪಟ್ಟಿಗೆ ಸೇರಿಸುತ್ತೇನೆ.