ಹೋಳಿಗೆ ಅಂಗಡಿಯ ಗೆರೆ: ಒಂದೇ ಲೆಕ್ಕಕ್ಕೆ ಎರಡು ಉತ್ತರ ಬಂದಾಗ

ನಮ್ಮ ಅತ್ತಿಗೆ ತುಮಕೂರಿನಲ್ಲಿ ಚಿಕ್ಕದೊಂದು ಹೋಳಿಗೆ ಅಂಗಡಿ ನಡೆಸುತ್ತಾರೆ. ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅವರು ಬೇಳೆ ಹೋಳಿಗೆಯ ಬೆಲೆಯನ್ನು 20 ರೂಪಾಯಿಯಿಂದ 30ಕ್ಕೆ ಏರಿಸಿದರು. ದಿನಕ್ಕೆ 120 ಹೋಗುತ್ತಿದ್ದ ಹೋಳಿಗೆ 80ಕ್ಕೆ ಇಳಿಯಿತು. ಒಂದು ಭಾನುವಾರ ಡೈರಿ ತಂದು ನನ್ನ ಮುಂದೆ ಇಟ್ಟು, "ಏರಿಸಿದ್ದು ಸರಿಯಾಯ್ತಾ ನೋಡಪ್ಪ" ಅಂದರು.

ನಾನು ತರಗತಿಯಲ್ಲಿ ಮಾಡುವ ಹಾಗೇ ಲೆಕ್ಕ ಹಾಕಿದೆ. ಬೆಲೆ 20ರ ಮೇಲೆ 10 ಏರಿದೆ, ಅಂದರೆ ಶೇ. 50. ಮಾರಾಟ 120ರಲ್ಲಿ 40 ಕಡಿಮೆಯಾಗಿದೆ, ಅಂದರೆ ಶೇ. 33. ಮಾರಾಟದ ಶೇಕಡಾವನ್ನು ಬೆಲೆಯ ಶೇಕಡಾದಿಂದ ಭಾಗಿಸಿದರೆ 0.67. ಬೆಲೆಗೆ ಮಾರಾಟ ಎಷ್ಟು ಜಗ್ಗುತ್ತದೆ ಅಂತ ತೋರಿಸುವ ಈ ಅಂಕಿಗೇ ಸ್ಥಿತಿಸ್ಥಾಪಕತ್ವ ಅನ್ನುತ್ತೇವೆ. (ಬೆಲೆ ಏರಿದರೆ ಮಾರಾಟ ಇಳಿಯುವುದರಿಂದ ಮುಂದೆ ಒಂದು ಮೈನಸ್ ಇರಬೇಕು. ಇಲ್ಲಿ ಅದನ್ನು ಬಿಟ್ಟೇ ಬರೆಯುತ್ತೇನೆ.) ಒಂದಕ್ಕಿಂತ ಕಡಿಮೆ ಬಂದರೆ ಗಿರಾಕಿಗಳು ಬೆಲೆಗೆ ಅಷ್ಟಾಗಿ ಜಗ್ಗುತ್ತಿಲ್ಲ, ಏರಿಸಿದರೆ ಆದಾಯ ಹೆಚ್ಚಬೇಕು. ಅದನ್ನೇ ಅತ್ತಿಗೆಗೆ ಹೇಳಿದೆ.

"ಹೆಚ್ಚಿಲ್ಲವಲ್ಲ" ಅಂದರು ಅವರು. "ಮುಂಚೆ ಗಲ್ಲಾದಲ್ಲಿ 2400 ಇರುತ್ತಿತ್ತು. ಈಗಲೂ ಅಷ್ಟೇ ಇದೆ."

ನಿಜ. 120 ಹೋಳಿಗೆ 20 ರೂಪಾಯಿಗೆ ಹೋದರೂ 2400, 80 ಹೋಳಿಗೆ 30 ರೂಪಾಯಿಗೆ ಹೋದರೂ 2400. ಹಾಗಾದರೆ ಉಲ್ಟಾ ಕಡೆಯಿಂದ ನೋಡೋಣ ಅಂತ, 30ರಿಂದ 20ಕ್ಕೆ ಇಳಿಸಿದಂತೆ ಲೆಕ್ಕ ಮಾಡಿದೆ. ಬೆಲೆ ಶೇ. 33 ಇಳಿಯಿತು, ಮಾರಾಟ 80ರ ಮೇಲೆ 40 ಏರಿತು, ಅಂದರೆ ಶೇ. 50. ಉತ್ತರ 1.5. ಈಗ ಗಿರಾಕಿಗಳು ಬೆಲೆಗೆ ಚೆನ್ನಾಗಿಯೇ ಜಗ್ಗುತ್ತಾರೆ, ಇಳಿಸಿದರೆ ಆದಾಯ ಹೆಚ್ಚಬೇಕು ಅಂತಾಯಿತು! ಅದೇ ಅಂಗಡಿ, ಅದೇ ಗಿರಾಕಿಗಳು, ಅದೇ ನಾಲ್ಕು ಅಂಕಿಗಳು. ಏರಿಸು ಅಂತ ಒಂದು ಉತ್ತರ ಹೇಳುತ್ತದೆ, ಇಳಿಸು ಅಂತ ಇನ್ನೊಂದು. ಗಲ್ಲಾ ಎರಡನ್ನೂ ಒಪ್ಪುತ್ತಿಲ್ಲ.

ಇಂಥ ಕಡೆ ಸರಾಸರಿ ತೆಗೆದುಕೊಂಡು ಲೆಕ್ಕ ಮಾಡಬೇಕು ಅಂತ ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಆದರೆ ಎರಡು ಉತ್ತರ ಯಾಕೆ ಬರುತ್ತವೆ ಅನ್ನುವುದು ನನಗೆ ಮನದಟ್ಟಾಗಿದ್ದು ಆ ಡೈರಿ ಹಿಡಿದು ಕೂತ ಮೇಲೆಯೇ.

ಮೊದಲು ಅಂಕಿಗಳನ್ನು ನಂಬಬಹುದೋ ಇಲ್ಲವೋ ನೋಡಬೇಕಿತ್ತು. ಹೋಳಿಗೆ ವ್ಯಾಪಾರ ಹಬ್ಬದ ಮೇಲೆ ನಿಂತಿರುತ್ತದೆ. ಯುಗಾದಿ ವಾರದಲ್ಲಿ ಬೆಲೆ ಎಷ್ಟಿದ್ದರೂ ಜನ ಸಾಲು ನಿಲ್ಲುತ್ತಾರೆ. ಹಬ್ಬದ ದಿನವನ್ನು ಒಂದು ಬೆಲೆಯ ಲೆಕ್ಕಕ್ಕೂ ಮಾಮೂಲಿ ದಿನವನ್ನು ಇನ್ನೊಂದು ಬೆಲೆಯ ಲೆಕ್ಕಕ್ಕೂ ಸೇರಿಸಿದರೆ ನಾವು ಅಳೆಯುವುದು ಹಬ್ಬವನ್ನು, ಬೆಲೆಯನ್ನಲ್ಲ. ಹಾಗಾಗಿ ದೀಪಾವಳಿ ಆದಮೇಲೆ, ಸಂಕ್ರಾಂತಿಗೆ ಮುಂಚೆ ಸಿಗುವ ಮಾಮೂಲಿ ವಾರಗಳನ್ನಷ್ಟೇ ಇಟ್ಟುಕೊಂಡೆವು. ಮದುವೆ ಮನೆಗಳ ದೊಡ್ಡ ಆರ್ಡರ್ ಇದ್ದ ದಿನಗಳನ್ನು ಬಿಟ್ಟೆವು. ಎರಡು ವಾರ ಬೆಲೆಯನ್ನು 25 ರೂಪಾಯಿಗೆ ಇಟ್ಟು ನೋಡೋಣ ಅಂದೆ. ಅತ್ತಿಗೆ ಒಪ್ಪಿದರು. ಆಗ ದಿನದ ಸರಾಸರಿ 101 ಬಂತು.

ಗ್ರಾಫ್ ಹಾಳೆಯ ಮೇಲೆ ಮೂರು ಚುಕ್ಕಿ ಇಟ್ಟೆ. ಮೂರೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದವು. ಸ್ಕೇಲ್ ಇಟ್ಟು ಗೆರೆ ಎಳೆದೆ. ಬೆಲೆ ಒಂದು ರೂಪಾಯಿ ಏರಿದರೆ ಮಾರಾಟ 4 ಹೋಳಿಗೆ ಇಳಿಯುತ್ತದೆ. ಬೆಲೆ P, ದಿನದ ಮಾರಾಟ Q ಅಂತಿಟ್ಟು ಸೂತ್ರದಲ್ಲಿ ಬರೆದರೆ:

```
Q = 200 − 4P
```

ಈ ಗೆರೆಯ ಮೇಲೆ ಎಲ್ಲಿ ನಿಂತರೂ ಒಂದು ರೂಪಾಯಿಗೆ 4 ಹೋಳಿಗೆ. ಇಳಿಜಾರು ಬದಲಾಗುವುದೇ ಇಲ್ಲ. ನೇರ ಗೆರೆ ಅಂದರೆ ಅದೇ ಅಲ್ವಾ? ನಮ್ಮ ಮಕ್ಕಳು ಎಡವುವುದು ಇಲ್ಲೇ. ಇಳಿಜಾರು ಒಂದೇ ಇದ್ದರೆ ಸ್ಥಿತಿಸ್ಥಾಪಕತ್ವವೂ ಒಂದೇ ಇರಬೇಕು ಅಂದುಕೊಳ್ಳುತ್ತಾರೆ. ಆದರೆ ಸ್ಥಿತಿಸ್ಥಾಪಕತ್ವ ಅಳೆಯುವುದು ರೂಪಾಯಿಯನ್ನೂ ಅಲ್ಲ, ಹೋಳಿಗೆಯನ್ನೂ ಅಲ್ಲ, ಶೇಕಡಾವಾರನ್ನು.

20 ರೂಪಾಯಿ ಬೆಲೆ ಇರುವಾಗ ನಿಂತು ನೋಡಿ. ಒಂದು ರೂಪಾಯಿ ಅಂದರೆ ಅಲ್ಲಿ ಶೇ. 5. 120 ಹೋಳಿಗೆಯಲ್ಲಿ 4 ಅಂದರೆ ಶೇ. 3.3. ಭಾಗಿಸಿದರೆ 0.67. ಈಗ 30 ರೂಪಾಯಿಯ ಹತ್ತಿರ ಬನ್ನಿ. ಅದೇ ಒಂದು ರೂಪಾಯಿ ಇಲ್ಲಿ ಶೇ. 3.3 ಮಾತ್ರ. ಅದೇ 4 ಹೋಳಿಗೆ 80ರಲ್ಲಿ ಶೇ. 5. ಭಾಗಿಸಿದರೆ 1.5. ಮೇಲೆ ಹೋದಷ್ಟೂ ರೂಪಾಯಿಯ ತೂಕ ಇಳಿಯುತ್ತದೆ, ಹೋಳಿಗೆಯ ತೂಕ ಏರುತ್ತದೆ. ಗೆರೆ ನೇರವಾಗಿದ್ದರೂ ಸ್ಥಿತಿಸ್ಥಾಪಕತ್ವ ಪ್ರತಿ ಚುಕ್ಕಿಯಲ್ಲೂ ಬೇರೆಯಾಗುವುದು ಈ ಕಾರಣಕ್ಕೆ.

ಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ. ಗೆರೆಯನ್ನು ಮೇಲಕ್ಕೆ ಎಳೆದರೆ 50 ರೂಪಾಯಿಗೆ ಮಾರಾಟ ಸೊನ್ನೆ ಆಗುತ್ತದೆ. ಯಾವ ಬೆಲೆಯಾದರೂ ಸರಿ, ಆ ಬೆಲೆಯನ್ನು 50ಕ್ಕೆ ಇನ್ನೆಷ್ಟು ಬಾಕಿಯೋ ಅದರಿಂದ ಭಾಗಿಸಿ. 20ಕ್ಕೆ 20/30, ಅಂದರೆ 0.67. 30ಕ್ಕೆ 30/20, ಅಂದರೆ 1.5. 25ಕ್ಕೆ 25/25, ಸರಿಯಾಗಿ 1. ಗೆರೆಯ ನಟ್ಟನಡುವೆ ಯಾವಾಗಲೂ 1 ಬರುತ್ತದೆ. ಅದಕ್ಕಿಂತ ಮೇಲಿನ ಅರ್ಧದಲ್ಲಿ ಒಂದಕ್ಕಿಂತ ಜಾಸ್ತಿ, ಕೆಳಗಿನ ಅರ್ಧದಲ್ಲಿ ಕಡಿಮೆ.

ಆ 0.67, 1.5 ಎಲ್ಲೋ ನೋಡಿದ ಹಾಗಿದೆಯಲ್ಲವೇ? ಭಾನುವಾರ ನನಗೆ ಬಂದ ಎರಡು ಉತ್ತರಗಳು ಅವೇ. ಅವು ತಪ್ಪು ಉತ್ತರಗಳಲ್ಲ. 20ನ್ನು ಆಧಾರ ಮಾಡಿಕೊಂಡು ಲೆಕ್ಕ ಹಾಕಿದಾಗ 20ರ ಚುಕ್ಕಿಯ ಸ್ಥಿತಿಸ್ಥಾಪಕತ್ವ ಸಿಕ್ಕಿತು. 30ನ್ನು ಆಧಾರ ಮಾಡಿಕೊಂಡಾಗ 30ರದ್ದು ಸಿಕ್ಕಿತು. ನನ್ನ ಪ್ರಶ್ನೆ ಇದ್ದದ್ದು 20ರಿಂದ 30ರವರೆಗಿನ ಇಡೀ ತುಂಡಿನ ಬಗ್ಗೆ. ನಾನು ಒಂದು ತುದಿಯ ಉತ್ತರವನ್ನು ಇಡೀ ತುಂಡಿಗೆ ಹಚ್ಚಿ ಅತ್ತಿಗೆಗೆ ಹೇಳಿಬಿಟ್ಟಿದ್ದೆ. ತಪ್ಪಾಗಿದ್ದು ಅಲ್ಲಿ.

ಎರಡು ಚುಕ್ಕಿಗಳ ನಡುವಿನ ತುಂಡಿನ ಸ್ಥಿತಿಸ್ಥಾಪಕತ್ವಕ್ಕೆ ಆರ್ಕ್ ಎಲಾಸ್ಟಿಸಿಟಿ ಅನ್ನುತ್ತಾರೆ. ಅದಕ್ಕೆ ಯಾವ ತುದಿಯನ್ನೂ ಆಧಾರ ಮಾಡಿಕೊಳ್ಳುವುದಿಲ್ಲ, ಎರಡರ ಸರಾಸರಿಯನ್ನು ಮಾಡಿಕೊಳ್ಳುತ್ತೇವೆ. ಇದೇ ಮಧ್ಯಬಿಂದು ವಿಧಾನ. ನಮ್ಮ ಅಂಗಡಿಯಲ್ಲಿ ಬೆಲೆಗಳ ಸರಾಸರಿ 25, ವ್ಯತ್ಯಾಸ 10, ಅಂದರೆ ಶೇ. 40. ಮಾರಾಟದ ಸರಾಸರಿ 100, ವ್ಯತ್ಯಾಸ 40, ಅಂದರೆ ಶೇ. 40. ಭಾಗಿಸಿದರೆ 1. ಏರಿಸಿದರೂ 1, ಇಳಿಸಿದರೂ 1. ನೇರ ಗೆರೆಯ ಮೇಲೆ ಇದು ಆ ತುಂಡಿನ ನಡುವಿನ ಚುಕ್ಕಿಯ, ಅಂದರೆ 25 ರೂಪಾಯಿಯ, ಸ್ಥಿತಿಸ್ಥಾಪಕತ್ವವೇ ಆಗಿರುತ್ತದೆ.

ಆದರೆ ಈ ವಿಧಾನ ನನಗೆ ಹಿಡಿಸಿದ್ದು ಇನ್ನೊಂದು ಕಾರಣಕ್ಕೆ. ಗಲ್ಲಾದಲ್ಲಿ 2400 ಇದ್ದದ್ದು 2400 ಆಗಿಯೇ ಉಳಿದಿತ್ತು. ಉತ್ತರವೂ ಸರಿಯಾಗಿ 1 ಬಂತು. ಇದು ಕಾಕತಾಳೀಯ ಅಲ್ಲ. ಹಳೆಯ ಬೆಲೆ, ಮಾರಾಟಕ್ಕೆ P1, Q1, ಹೊಸದಕ್ಕೆ P2, Q2 ಅಂತಿಟ್ಟು, ಮಧ್ಯಬಿಂದು ಸೂತ್ರದಲ್ಲಿ ಉತ್ತರ 1 ಅಂತ ಬರೆದು ಅಡ್ಡಗುಣಾಕಾರ ಮಾಡಿ ನೋಡಿ:

```
(Q1 − Q2)(P1 + P2) = (P2 − P1)(Q1 + Q2)
2·P1·Q1 = 2·P2·Q2
```

ಬಿಡಿಸಿದಾಗ ಅಡ್ಡಡ್ಡ ಬರುವ ಪದಗಳೆಲ್ಲ ಹೊಡೆದುಹೋಗಿ ಹಳೆಯ ಆದಾಯ, ಹೊಸ ಆದಾಯ ಎರಡೇ ಉಳಿಯುತ್ತವೆ. ಅಂದರೆ ಎರಡು ಬೆಲೆಗೂ ಆದಾಯ ಸಮವಾಗಿದ್ದರೆ ಉತ್ತರ 1 ಆಗಿರುತ್ತದೆ. ಉತ್ತರ ಒಂದು ಬಂದರೆ ಆದಾಯ ಸಮವಾಗಿಯೇ ಇರುತ್ತದೆ. ಒಂದಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ಬೆಲೆಗೆ ಆದಾಯ ಜಾಸ್ತಿ, ಒಂದನ್ನು ದಾಟಿದರೆ ಕಡಿಮೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಆರ್.ಜಿ.ಡಿ. ಅಲೆನ್ 1934ರಲ್ಲಿ ಈ ಸೂತ್ರದ ಪರ ವಾದಿಸಿದಾಗ ಎತ್ತಿ ತೋರಿಸಿದ ಗುಣಗಳಲ್ಲಿ ಇದೂ ಒಂದು. ಎರಡೂ ಬೆಲೆಗಳನ್ನು ಸಮನಾಗಿ ನೋಡುತ್ತದೆ, ಡಜನ್‌ನಲ್ಲಿ ಎಣಿಸಿದರೂ ಬಿಡಿಯಾಗಿ ಎಣಿಸಿದರೂ ಉತ್ತರ ಬದಲಾಗದು ಅನ್ನುವುದು ಉಳಿದೆರಡು. ಆದಾಯದ ಬಗ್ಗೆ ಸುಳ್ಳು ಹೇಳುವುದಿಲ್ಲ ಅನ್ನುವುದೇ ನನಗೆ ಇವುಗಳಲ್ಲಿ ದೊಡ್ಡದು. ಅಂಗಡಿಯವರು ಸ್ಥಿತಿಸ್ಥಾಪಕತ್ವ ಕೇಳುವುದೇ ಆದಾಯ ಏನಾಗುತ್ತದೆ ಅಂತ ತಿಳಿಯಲು.

ಹಾಗಂತ ಈ ವಿಧಾನ ಎಲ್ಲ ಕಡೆಗೂ ಬೇಕಿಲ್ಲ. ಬೆಲೆ 24ರಿಂದ 25ಕ್ಕೆ ಏರಿದರೆ ಮಾರಾಟ 104ರಿಂದ 100 ಆಗುತ್ತದೆ. 24ನ್ನು ಆಧಾರ ಮಾಡಿದರೆ 0.92, 25ನ್ನು ಮಾಡಿದರೆ 1, ಸರಾಸರಿ ಹಿಡಿದರೆ 0.96. ಇಷ್ಟು ಸಣ್ಣ ಹೆಜ್ಜೆಗೆ ಯಾವ ದಾರಿಯಲ್ಲಿ ಹೋದರೂ ಹೆಚ್ಚು ವ್ಯತ್ಯಾಸ ಇಲ್ಲ. ಹೆಜ್ಜೆ ದೊಡ್ಡದಾದಷ್ಟೂ ಎರಡು ತುದಿಗಳು ದೂರ ಹೋಗುತ್ತವೆ, ಆಗ ಸರಾಸರಿ ಬೇಕೇ ಬೇಕು.

ಹೆಜ್ಜೆ ತೀರಾ ದೊಡ್ಡದಾದರೆ ಇನ್ನೊಂದು ತೊಂದರೆ. ನಮ್ಮ ಗೆರೆಯ ಪ್ರಕಾರ 10 ರೂಪಾಯಿಗೆ 160, 40 ರೂಪಾಯಿಗೆ 40 ಹೋಳಿಗೆ. ಮಧ್ಯಬಿಂದು ವಿಧಾನ ಇಲ್ಲೂ 1 ಅನ್ನುತ್ತದೆ. ಎರಡು ಕಡೆಯೂ ಆದಾಯ 1600, ಹಾಗಾಗಿ ಅದು ಸುಳ್ಳಲ್ಲ. ಆದರೆ ಅದೇ ತುಂಡಿನೊಳಗೆ ಸ್ಥಿತಿಸ್ಥಾಪಕತ್ವ 0.25ರಿಂದ 4ರವರೆಗೆ ಏರುತ್ತದೆ, ನಡುವೆ 25 ರೂಪಾಯಿಗೆ ಆದಾಯ 2500 ಮುಟ್ಟುತ್ತದೆ. ಒಂದೇ ಅಂಕಿಯಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ. ಮೇಲಾಗಿ ನಾವು ಕಣ್ಣಾರೆ ನೋಡಿದ್ದು 20ರಿಂದ 30ರವರೆಗೆ ಮಾತ್ರ. ಆಚೆಗೆ ಗೆರೆ ಬಾಗಿರಬಹುದು. 50 ರೂಪಾಯಿಗೆ ಒಬ್ಬರೂ ಕೊಳ್ಳುವುದಿಲ್ಲ ಅಂತ ನಾನು ಅತ್ತಿಗೆಗೆ ಹೇಳಲಿಲ್ಲ, ಅದು ಗೆರೆಯ ಮಾತು ಅಷ್ಟೇ.

ಈ ಲೆಕ್ಕ ಮಾಡುವವರಿಗೆ ಒಂದು ಮಾತು. ಸರಾಸರಿಗೆ ಎರಡರಿಂದ ಭಾಗಿಸುವುದನ್ನು ಬೆಲೆ, ಮಾರಾಟ ಎರಡರಲ್ಲೂ ಮಾಡಿ, ಇಲ್ಲವೇ ಎರಡರಲ್ಲೂ ಬಿಡಿ. ಒಂದರಲ್ಲಿ ಮಾತ್ರ ಮರೆತರೆ ಉತ್ತರ ದುಪ್ಪಟ್ಟು ಅಥವಾ ಅರ್ಧ ಆಗುತ್ತದೆ. ಉತ್ತರ ಪತ್ರಿಕೆಗಳಲ್ಲಿ 2, 0.5 ಅಂತ ಬರೆದದ್ದು ಕಂಡರೆ ನಾನು ಮೊದಲು ನೋಡುವುದು ಅಲ್ಲಿಗೇ. ನಿಮಗೆ ಅನುಮಾನ ಬಂದರೆ ಎರಡು ಕಡೆಯೂ ಬೆಲೆಯನ್ನು ಮಾರಾಟದಿಂದ ಗುಣಿಸಿ ಆದಾಯ ನೋಡಿ, ಹೆಚ್ಚಿದೆಯೋ ಇಳಿದಿದೆಯೋ ಉತ್ತರದ ಜೊತೆ ಹೊಂದಬೇಕು.

ಇಷ್ಟಾದ ಮೇಲೆ "ಹಾಗಾದರೆ 25 ಇಡಲಾ?" ಅಂತ ಅತ್ತಿಗೆ ಕೇಳಿದರು. ಆದಾಯವೇ ಮುಖ್ಯವಾಗಿದ್ದರೆ 25 ಸರಿ. ಆದರೆ ಬೇಳೆ, ಬೆಲ್ಲ, ಮೈದಾ, ಎಣ್ಣೆ, ಗ್ಯಾಸ್ ಎಲ್ಲ ಸೇರಿ ಒಂದು ಹೋಳಿಗೆಗೆ ಅವರಿಗೆ 12 ರೂಪಾಯಿ ಬೀಳುತ್ತದೆ. 20 ರೂಪಾಯಿಗೆ ಮಾರಿದರೆ ದಿನಕ್ಕೆ ಉಳಿಯುವುದು 960. 25ಕ್ಕೆ 1300, 30ಕ್ಕೆ 1440. ಗಲ್ಲಾಕ್ಕೆ ಬೀಳುವ ದುಡ್ಡು 20ಕ್ಕೂ 30ಕ್ಕೂ ಒಂದೇ, ಆದರೆ 30ಕ್ಕೆ ಮಾರುವಾಗ ದಿನಕ್ಕೆ 40 ಹೋಳಿಗೆ ಕಡಿಮೆ ತಟ್ಟಿದರೆ ಸಾಕು, ಅಷ್ಟರ ಖರ್ಚೂ ಉಳಿಯುತ್ತದೆ.

ಅತ್ತಿಗೆ 30ನ್ನೇ ಇಟ್ಟುಕೊಂಡರು. ಕಾಯಿ ಹೋಳಿಗೆಗೂ ಇದೇ ಬೆಲೆ ಮಾಡಲಾ ಅಂತ ಕೇಳಿದಾಗ ತಡೆದೆ. ಅದಕ್ಕೆ ಬರುವ ಗಿರಾಕಿಗಳು ಬೇರೆ, ಅದರ ಗೆರೆಯೂ ಬೇರೆ ಇರುತ್ತದೆ. ಅದಕ್ಕೊಂದು ಹೊಸ ಡೈರಿ ಶುರು ಮಾಡಿದ್ದೇವೆ.