ಮಾಸಿದ ಮೋಡಿ ಪತ್ರವನ್ನು ನಾನು ಕನ್ನಡಕ್ಕೆ ತಂದ ಬಗೆ

ಪುಣೆಯಿಂದ ಧಾರವಾಡದ ನಮ್ಮ ಮುತ್ತಜ್ಜನಿಗೆ ಅವರ ಭಾವ ಬರೆದ ಒಂದು ಹಾಳೆ ಇದು. ಶಕ 1834, ಅಂದರೆ 1912ರ ಆಸುಪಾಸು. ಮೋಡಿ ಎಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಓಟದ ಲಿಪಿ. ಅದನ್ನು ಬಲ್ಲ ಹಿರಿಯರೊಬ್ಬರು ನೋಡಿ, "ಶಾಯಿ ಹೋಗಿದೆ, ಬಿಟ್ಟುಬಿಡಿ" ಅಂದಿದ್ದರು. ಈಗ ಎರಡು ಪದ ಬಿಟ್ಟು ಎಲ್ಲ ಓದಿದ್ದೇನೆ.

ಮೊದಲು ದುಡ್ಡು ಹೋಯಿತು. ನೂರೈವತ್ತರ ನೇರಳೆ ಟಾರ್ಚು ದಂಡ. ಅದರ ಬೆಳಕೇ ಕಣ್ಣಿಗೆ ಜಾಸ್ತಿ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. 365 ನ್ಯಾನೋಮೀಟರಿನ ನೇರಳಾತೀತ ಟಾರ್ಚು ಸುಮಾರು ಒಂಬೈನೂರು ಬಿತ್ತು. ಕತ್ತಲೆ ಕೋಣೆಯಲ್ಲಿ ಕಾಗದ ಮಂದವಾಗಿ ಹೊಳೆಯಿತು, ಕಂದು ಗೆರೆಗಳು ಕಪ್ಪಗೆ ಎದ್ದವು. ಕೆಲವೇ ಸೆಕೆಂಡು, ಒಂದು ಫೋಟೋ, ಆರಿಸಿಬಿಡಿ. ಟಾರ್ಚನ್ನು ಯಾವ ಓರೆಯಲ್ಲಿ ಹಿಡಿದೆ ಅನ್ನುವುದನ್ನು ಮಾತ್ರ ಹೇಳಲ್ಲ! ಹಗಲಲ್ಲಿ ತೆಗೆದ ಫೋಟೋಕ್ಕೆ, ಚಿತ್ರ ತಿದ್ದುವ GIMP ತಂತ್ರಾಂಶದಲ್ಲಿ ನೀಲಿ ಚಾನೆಲ್ ಒಂದೇ ಸಾಕಾಯಿತು.

ಇದು ಕಬ್ಬಿಣದ ಶಾಯಿಗೆ ಮಾತ್ರ. ಖಾತ್ರಿಗೆ ಮಾಚಿಕಾಯಿ, ಅನ್ನಭೇದಿ ಕುದಿಸಿ ಶಾಯಿ ಮಾಡಿ, ಬರೆದು, ಬಿಸಿಲಿಗಿಟ್ಟೆ. ಪಕ್ಕದಲ್ಲೇ ದೀಪದ ಕಾಡಿಗೆಯ ಶಾಯಿ. ಮೊದಲನೆಯದು ಕಂದಾಯಿತು, ಕಾಡಿಗೆ ಜಗ್ಗಲಿಲ್ಲ. ಕಾಡಿಗೆ ಮಾಸುವುದಿಲ್ಲ, ಉದುರುತ್ತದೆ. ಉದುರಿದ್ದನ್ನು ಈ ಟಾರ್ಚು ತರಲಾರದು. ಮಾಚಿಕಾಯಿ ಕಷಾಯ ಸವರಿದರೆ ಅಕ್ಷರ ಏಳುತ್ತದೆ ಎಂದು ಯಾರೋ ಹೇಳಿದರು. ಏಳುತ್ತದೆ, ಆಮೇಲೆ ಹಾಳೆಯೇ ಕಲೆಯಾಗಿ ಕೆಡುತ್ತದೆ. ಮೂಲಕ್ಕೆ ಏನನ್ನೂ ಸವರಬೇಡಿ.

ಮೋಡಿಯಲ್ಲಿ ಪದಗಳ ನಡುವೆ ಜಾಗ ಇಲ್ಲ, ಇಕಾರ, ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವೂ ಇಲ್ಲ. ಹಾಗಾಗಿ ಶುರುವಿನ "ಸಾಷ್ಟಾಂಗ ನಮಸ್ಕಾರ ವಿನಂತಿ ವಿಶೇಷ", ಕೊನೆಯ "ಬಹುತ ಕಾಯ ಲಿಹಿಣೇ" ಹಿಡಿದೆ. ಬಾಯಿಪಾಠದ ಸಾಲುಗಳು, ಅಲ್ವಾ. ಅವುಗಳ ಅಕ್ಷರ ಕತ್ತರಿಸಿ ಆ ಕೈಯದೇ ಒಂದು ಪಟ್ಟಿ ಮಾಡಿದೆ. ಮೊದಲು ದೇವನಾಗರಿಗೆ ಇಳಿಸಿದೆ, ಕನ್ನಡ ಆಮೇಲೆ. ಅನುಮಾನದ ಅಕ್ಷರಕ್ಕೆ ಚೌಕ ಕಂಸ, ಪ್ರಶ್ನೆಚಿಹ್ನೆ. ಹೋದದ್ದಕ್ಕೆ ಚುಕ್ಕೆ. ಕನ್ನಡದಲ್ಲೂ ಅವು ಹಾಗೇ ಉಳಿಯಬೇಕು.

ಕಾಡಿದ್ದು ಮುಂಜಿ ಖರ್ಚಿನ ಮೊತ್ತ. 37ರ ಮುಂದೆ ಒಂದು ಗೀಟು, ಪಕ್ಕದಲ್ಲೇ ಮಡಿಕೆ. ಒಂದು ಗೀಟಾದರೆ ನಾಲ್ಕಾಣೆ, ಎರಡಾದರೆ ಎಂಟಾಣೆ. ಮಡಿಕೆಯಲ್ಲಿ ಇನ್ನೊಂದು ಸವೆದಿದ್ದರೆ? ಮೇಲಿನ ಬಾಬುಗಳು ಚೊಕ್ಕ ಇದ್ದವು: 21॥, 9।, 6॥. ಕೂಡಿಸಿದರೆ 37 ರೂಪಾಯಿ ನಾಲ್ಕಾಣೆ. "37 ರೂ. [4 ಆಣೆ?]" ಎಂದೇ ಬರೆದೆ. ಲೆಕ್ಕದಿಂದ ತಿಳಿದದ್ದು, ಕಣ್ಣಿಗೆ ಕಂಡದ್ದಲ್ಲ ಎಂದು ಅಡಿಟಿಪ್ಪಣಿ ಹಾಕಿದೆ. ಬರೆದವರೇ ತಪ್ಪಾಗಿ ಕೂಡಿಸಿರಬಹುದಲ್ಲ.

ಉಳಿದ ಎರಡು ಪದದಲ್ಲಿ ಒಂದು ಹೆಸರು. ಕೊನೆಯ "ಬಾಯಿ" ಸ್ಪಷ್ಟ, ಅದಕ್ಕೂ ಮೊದಲು ಎರಡು ಮೂರು ಅಕ್ಷರದ ಜಾಗ ಖಾಲಿ. "ನಮ್ಮ ಅಜ್ಜಿಯದೇ ಇರ್ಬೇಕು, ಹಾಕಿಬಿಡಪ್ಪಾ" ಅಂದರು ಕಾಕಾ. "ಕಾಕಾ, ಅಲ್ಲಿ ಅಕ್ಷರಾನೇ ಇಲ್ಲ" ಅಂದೆ. ಅನುವಾದದಲ್ಲಿ "[…]ಬಾಯಿ" ಅಂತಲೇ ಇದೆ. ತಮ್ಮ ಪ್ರತಿಯಲ್ಲಿ ಅವರು ಪೆನ್ಸಿಲಿನಿಂದ ಹೆಸರು ತುಂಬಿಕೊಂಡಿದ್ದಾರೆ.